ಇನರ್ಟ್ ಗ್ಯಾಸ್‌ನಲ್ಲಿ ಆಕ್ಸಿಜನ್ ಏರಿದರೆ: ಗಾಳಿ ನುಗ್ಗಿದ ಜಾಗ ಹುಡುಕುವ ಬಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಎಷ್ಟೋ ಹುಡುಗರು ಈಗ ಟ್ಯಾಂಕರ್ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದಾರೆ. ರಜೆಗೆ ಬಂದಾಗ ಸಿಗುತ್ತಾರೆ. ಐದು ನಿಮಿಷದಲ್ಲಿ ಮಾತು ಹಡಗಿನ ಕಡೆಗೇ ಹೊರಳುತ್ತದೆ. ಅವರು ಜಾಸ್ತಿ ಕೇಳುವ ಪ್ರಶ್ನೆ ಒಂದೇ, ಬೆಂಕಿ ಹತ್ತದಂತೆ ಎಣ್ಣೆ ಟ್ಯಾಂಕಿಗೆ ತುಂಬುವ, ಆಕ್ಸಿಜನ್ ಕಡಿಮೆ ಇರುವ ಇನರ್ಟ್ ಗ್ಯಾಸಿನದು: "ಅಣ್ಣ, ಇನರ್ಟ್ ಗ್ಯಾಸ್‌ನಲ್ಲಿ ಆಕ್ಸಿಜನ್ ಹೈ ಅಲಾರ್ಮ್ ಹೊಡೀತಾನೇ ಇದೆ, ಬಾಯ್ಲರ್ ಎಷ್ಟು ಸರಿ ಮಾಡಿದ್ರೂ ಇಳೀತಿಲ್ಲ. ಏನು ಮಾಡೋದು?"

ಬಾಯ್ಲರ್ ಸರಿ ಮಾಡಿದರೂ ಇಳಿಯದಿದ್ದರೆ ತಪ್ಪು ಬಾಯ್ಲರ್‌ದು ಅಲ್ಲದೆಯೂ ಇರಬಹುದು, ಅಲ್ವಾ? ಎಲ್ಲರೂ ಮೊದಲು ಅದರ ಮೇಲೇ ಬೀಳುತ್ತಾರೆ. ನಾನು ಕಂಡಂತೆ ಅರ್ಧಕ್ಕರ್ಧ ಸಲ ಅದು ನಿರಪರಾಧಿ.

ಇಲ್ಲಿ ಹೇಳುತ್ತಿರುವುದು ಬಾಯ್ಲರ್ ಹೊಗೆಯನ್ನೇ ತೊಳೆದು ಇನರ್ಟ್ ಗ್ಯಾಸ್ ಆಗಿ ಬಳಸುವ ದೊಡ್ಡ ಕಚ್ಚಾ ತೈಲದ ಹಡಗುಗಳ ಬಗ್ಗೆ. ನಮ್ಮ ಬೈತಖೋಲ್ ಧಕ್ಕೆಗೆ ಬರುವ ಚಿಕ್ಕ ಟ್ಯಾಂಕರ್‌ಗಳಲ್ಲಿ ಅಷ್ಟು ದೊಡ್ಡ ಬಾಯ್ಲರ್ ಇರುವುದಿಲ್ಲ. ಅಂಥವುಗಳಲ್ಲಿ ಇನರ್ಟ್ ಗ್ಯಾಸ್ ಇದ್ದರೆ ಅದು ಡೀಸೆಲ್ ಸುಡುವ ಜನರೇಟರ್‌ನದೋ ನೈಟ್ರೋಜನ್ ಘಟಕದ್ದೋ ಆಗಿರುತ್ತದೆ. ಜನರೇಟರ್‌ನಲ್ಲಿ ಬ್ಲೋವರ್ ಮೊದಲೇ ಕೂತು ಗಾಳಿಯನ್ನು ಒಳಗೆ ತಳ್ಳುತ್ತದೆ. ಮುಂದಿನ ಪೈಪೆಲ್ಲ ಒತ್ತಡದಲ್ಲೇ ಇರುವುದರಿಂದ ಸೋರಿದರೂ ಹೊರಗೇ ಸೋರುತ್ತದೆ. ಅಲ್ಲಿ ಆಕ್ಸಿಜನ್ ಏರಿದರೆ ಬರ್ನರ್ ನಾಝಲ್, ಎಣ್ಣೆಯ ಒತ್ತಡ, ಗಾಳಿಯ ಪ್ರಮಾಣ ನೋಡಬೇಕು. ಅದು ಬೇರೆ ಕಥೆ.

ಯಾವ ಅಂಕಿ ಯಾವುದಕ್ಕೆ

ಹಡಗಿನಿಂದ ಎಣ್ಣೆ ಹೊರಗೆ ಪಂಪ್ ಆದಂತೆ ಟ್ಯಾಂಕ್ ಖಾಲಿಯಾಗುತ್ತದೆ. ಖಾಲಿಯಾದ ಜಾಗಕ್ಕೆ ಏನಾದರೂ ಬರಲೇಬೇಕು. ಸುಮ್ನೆ ಬಿಟ್ಟರೆ ಗಾಳಿ ಬರುತ್ತದೆ. ಎಣ್ಣೆಯ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು 1ರಿಂದ 10 ಪಾಲು ಸೇರಿದಾಗ ಒಂದು ಕಿಡಿ ಸಾಕು. 1969ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮಾರ್ಪೆಸ್ಸಾ, ಮ್ಯಾಕ್ಟ್ರಾ, ಕಾಂಗ್ ಹಾಕನ್ 7 ಎಂಬ ಮೂರು ಭಾರೀ ಟ್ಯಾಂಕರ್‌ಗಳು ಟ್ಯಾಂಕ್ ತೊಳೆಯುವಾಗ ಸ್ಫೋಟಗೊಂಡವು. ನೀರಿನ ರಭಸದ ಧಾರೆಯಿಂದ ಹುಟ್ಟಿದ ಸ್ಥಿರ ವಿದ್ಯುತ್ತೇ ಕಿಡಿಗೆ ಕಾರಣ ಎಂಬ ಕಡೆಗೆ ತನಿಖೆಗಳು ಬೆರಳು ತೋರಿಸಿದವು. ಕಿಡಿಯನ್ನು ಪೂರ್ತಿ ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆವಿಯನ್ನೂ ತಡೆಯಲಾಗದು. ಉಳಿಯುವುದು ಆಕ್ಸಿಜನ್ ಒಂದೇ. ಅದು ಸುಮಾರು 11 ಪ್ರತಿಶತಕ್ಕಿಂತ ಕೆಳಗಿಳಿದರೆ ಆವಿ ಎಷ್ಟೇ ಇರಲಿ, ಹೊತ್ತಿಕೊಳ್ಳುವುದಿಲ್ಲ.

ಹಾಗಾಗಿ ಟ್ಯಾಂಕಿನೊಳಗೆ 8 ಪ್ರತಿಶತ ದಾಟಬಾರದು ಎಂಬ ನಿಯಮ. ಟ್ಯಾಂಕಿಗೆ ಕಳಿಸುವ ಗ್ಯಾಸ್‌ನಲ್ಲಿ 5 ದಾಟಬಾರದು. 2016ರ ಜನವರಿ 1ರಿಂದ ಕಟ್ಟಿದ ಹಡಗುಗಳಲ್ಲಿ ಅಲಾರ್ಮ್ ಕೂಡ 5ಕ್ಕೇ ಹೊಡೆಯುತ್ತದೆ. ಹಳೆಯ ಹಡಗುಗಳಲ್ಲಿ ಅಲಾರ್ಮ್ 8ಕ್ಕೆ ಇಟ್ಟಿರುತ್ತಿದ್ದರು.

"7 ಬಂದ್ರೂ 8ಕ್ಕಿಂತ ಕಡಿಮೆನೇ ಅಲ್ವಾ, ಇಷ್ಟು ಗಲಾಟೆ ಯಾಕೆ?" ಅಂತ ಕೆಲವರು ಕೇಳುತ್ತಾರೆ. ಟ್ಯಾಂಕಿನೊಳಗೆ ಗ್ಯಾಸ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮುಚ್ಚಳದ ಗ್ಯಾಸ್ಕೆಟ್ಟಿನಿಂದ, ರಾತ್ರಿ ತಣ್ಣಗಾಗಿ ಒತ್ತಡ ಇಳಿದಾಗ ತಾನೇ ತೆರೆದುಕೊಳ್ಳುವ ಪಿ.ವಿ. ವಾಲ್ವ್‌ನಿಂದ ಒಂದಿಷ್ಟು ಗಾಳಿ ಸೇರುತ್ತದೆ. ಕಳಿಸುವ ಗ್ಯಾಸೇ 7 ಇದ್ದರೆ ಯಾವುದೋ ಮೂಲೆಯಲ್ಲಿ 8 ದಾಟುವುದಕ್ಕೆ ಹೆಚ್ಚು ಹೊತ್ತು ಬೇಡ. ಅದಕ್ಕಿಂತ ಮುಖ್ಯವಾಗಿ, ಇವತ್ತು 7 ಕೊಡುತ್ತಿರುವ ತೂತು ನಾಳೆ ಅಷ್ಟೇ ದೊಡ್ಡದಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಒಂದು ಹಡಗಿನ ಲೆಕ್ಕ

ಅಂಕೋಲಾ ಕಡೆಯ ಒಬ್ಬ ಥರ್ಡ್ ಎಂಜಿನಿಯರ್ ಈ ಮಳೆಗಾಲದಲ್ಲಿ ರಜೆಗೆ ಬಂದಿದ್ದ. ಕಾರವಾರದಲ್ಲಿ ಮೀನೂಟ ಮುಗಿಸಿ ತನ್ನ ನೋಟ್‌ಬುಕ್ ಬಿಚ್ಚಿಟ್ಟ. ಅವನ ಹಡಗಿನಲ್ಲಿ ನಡೆದದ್ದನ್ನು, ಅವನು ಬರೆದುಕೊಂಡ ಅಂಕಿಗಳ ಸಮೇತ ಇಲ್ಲಿ ಇಡುತ್ತೇನೆ. ಹುಡುಕಿದ ಕ್ರಮ ಚೆನ್ನಾಗಿತ್ತು.

ಹಡಗು ಗಂಟೆಗೆ 8,000 ಘನ ಮೀಟರ್ ಎಣ್ಣೆ ಇಳಿಸಬಲ್ಲದು. ಇನರ್ಟ್ ಗ್ಯಾಸ್ ಘಟಕದ ಸಾಮರ್ಥ್ಯ ಅದರ 125 ಪ್ರತಿಶತ ಇರಬೇಕು, ಅಂದರೆ ಗಂಟೆಗೆ 10,000 ಘನ ಮೀಟರ್. ಎರಡು ಬಾಯ್ಲರ್, ಎರಡು ಬ್ಲೋವರ್. ಆ ದಿನ ಒಂದನೇ ಬಾಯ್ಲರ್, ಒಂದನೇ ಬ್ಲೋವರ್ ನಡೆಯುತ್ತಿದ್ದವು. ಎಣ್ಣೆ ಇಳಿಸುವುದು ಶುರುವಾಗಿ ಪಂಪ್‌ಗಳು ಪೂರ್ತಿ ವೇಗಕ್ಕೆ ಬಂದ ಸ್ವಲ್ಪ ಹೊತ್ತಿಗೆ ಆಕ್ಸಿಜನ್ 4.6ರಿಂದ ಏರಿ 7.2ಕ್ಕೆ ನಿಂತಿತು.

ಮೊದಲ ಕೆಲಸ ಹುಡುಕಾಟವಲ್ಲ. ಚೀಫ್ ಆಫೀಸರ್ ಸರಕು ಪಂಪ್ ನಿಲ್ಲಿಸಿದರು, ಡೆಕ್‌ಗೆ ಹೋಗುವ ಗ್ಯಾಸ್ ವಾಲ್ವ್ ಮುಚ್ಚಿದರು. ಟ್ಯಾಂಕುಗಳಲ್ಲಿದ್ದ ಸುಮಾರು 600 ಮಿಲಿಮೀಟರ್ ನೀರಿನ ಒತ್ತಡ ಹಾಗೇ ಉಳಿಯಿತು. ಅದು ಉಳಿದಿರುವವರೆಗೆ ಗಾಳಿ ಒಳಗೆ ಬರುವುದಿಲ್ಲ. ಎಣ್ಣೆ ಇಳಿಸುತ್ತಲೇ ಒಂದು ಕೈ ನೋಡೋಣ ಅನ್ನುವವರಿದ್ದಾರೆ. ಬೇಡ. ಕಚ್ಚಾ ತೈಲದ ಹಡಗಿನಲ್ಲಂತೂ ಖಂಡಿತ ಬೇಡ. ಗಂಧಕ ಜಾಸ್ತಿ ಇರುವ ಕಚ್ಚಾ ತೈಲದಿಂದ ಏಳುವ ಹೈಡ್ರೋಜನ್ ಸಲ್ಫೈಡ್, ಟ್ಯಾಂಕಿನ ತುಕ್ಕಿನ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗಿ ಗೋಡೆಗೆ ಅಂಟಿರುತ್ತದೆ. ಆಕ್ಸಿಜನ್ ಇಲ್ಲದಿರುವಷ್ಟು ಹೊತ್ತು ಅದು ತಣ್ಣಗೆ ಕೂತಿರುತ್ತದೆ. ಗಾಳಿ ತಾಗಿದರೆ ತಾನೇ ಕಾದು ಕೆಂಡವಾಗಬಲ್ಲದು. ಅಂದರೆ ಗಾಳಿಯ ಜೊತೆಗೇ ಕಿಡಿಯೂ ಬಂದಂತಾಯಿತು.

ಘಟಕವನ್ನು ಮಾತ್ರ ನಿಲ್ಲಿಸಲಿಲ್ಲ. ಗ್ಯಾಸನ್ನು ಟ್ಯಾಂಕಿಗೆ ಕಳಿಸದೆ ಮೇಲೆ ಹೊರಗೆ ಬಿಡುತ್ತಾ ನಡೆಸಿದರು. ನಿಲ್ಲಿಸಿದರೆ ದೋಷವೂ ಅಡಗಿಕೊಳ್ಳುತ್ತದೆ, ಇದನ್ನು ಮುಂದೆ ನೋಡುತ್ತೀರಿ.

ಮೀಟರ್ ಹೇಳಿದ್ದು ನಿಜವೇ

ಬೋರ್ಡಿನಲ್ಲಿರುವ, ಆಕ್ಸಿಜನ್ ಅಳೆಯುವ ಅನಲೈಜರ್‌ಗೆ ನೈಟ್ರೋಜನ್ ಬಿಟ್ಟರೆ 0 ತೋರಿಸಬೇಕು, ಶುದ್ಧ ಗಾಳಿ ಬಿಟ್ಟರೆ 20.9. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನೈಟ್ರೋಜನ್ನನ್ನು ಎಲ್ಲಿ ಬಿಡಬೇಕು ಎನ್ನುವುದು. ಬೋರ್ಡಿನ ಹತ್ತಿರವೇ ಬಿಟ್ಟು 0 ಬಂತು ಎಂದು ಕೈ ತೊಳೆದುಕೊಳ್ಳುತ್ತಾರೆ. ಅದರಿಂದ ಅನಲೈಜರ್ ಸರಿ ಇದೆ ಎಂದಷ್ಟೇ ಗೊತ್ತಾಯಿತು. ಮುಖ್ಯ ಪೈಪಿನಿಂದ ಅನಲೈಜರ್‌ವರೆಗೆ ಬರುವ ಸಣ್ಣ ಟ್ಯೂಬಿನಲ್ಲಿ ಸ್ಯಾಂಪಲ್ ಎಳೆಯುವ ಪಂಪ್ ಇದ್ದರೆ, ಅದರ ಹಿಂದಿನ ಯಾವುದೋ ಜಾಯಿಂಟ್ ಸಡಿಲವಾಗಿ ಎಂಜಿನ್ ರೂಮಿನ ಗಾಳಿಯನ್ನೇ ಎಳೆದುಕೊಳ್ಳುತ್ತಿರಬಹುದು. ಹಾಗಾಗಿ ನೈಟ್ರೋಜನ್ನನ್ನು ಟ್ಯೂಬಿನ ಆ ತುದಿಯಿಂದ, ಮುಖ್ಯ ಪೈಪಿನ ಬಳಿಯಿಂದ ಬಿಡಬೇಕು. ಬೋರ್ಡಿನಲ್ಲಿ 0, ಆ ತುದಿಯಿಂದ 1.5 ಎಂದು ಬಂದರೆ ಕಳ್ಳ ಟ್ಯೂಬಿನಲ್ಲೇ ಇದ್ದಾನೆ.

ಇನ್ನೊಂದು, ಫಿಲ್ಟರಿನಲ್ಲಿ ನೀರು ನಿಂತಿದ್ದರೆ ಗ್ಯಾಸ್ ಮುಂದೆ ಹೋಗದೆ ಹಳೆಯ ಅಂಕಿಯೇ ನಿಂತುಬಿಡುತ್ತದೆ. ಬಾಯ್ಲರಿನ ಬೆಂಕಿ ಏರಿಳಿದರೂ ಸ್ಕ್ರೀನಿನ ಅಂಕಿ ಕದಲದಿದ್ದರೆ ಅದನ್ನು ನಂಬಬೇಡಿ.

ನಮ್ಮ ಹುಡುಗ ಪೋರ್ಟೆಬಲ್ ಮೀಟರ್ ತಂದು ಅದೇ ಜಾಗದಲ್ಲಿ, ಬ್ಲೋವರ್ ದಾಟಿದ ಮೇಲಿನ ಪೈಪಿನಲ್ಲಿ ಅಳೆದ. 7.1 ಬಂತು. ಬೋರ್ಡಿನಲ್ಲಿ 7.2. ಎರಡೂ ಒಂದೇ ಮಾತು ಹೇಳುತ್ತಿದ್ದವು. ಆಕ್ಸಿಜನ್ ನಿಜಕ್ಕೂ ಏರಿದೆ.

(ಇದೇ ಹೊತ್ತಿಗೆ ಯಾರೋ ಟ್ಯಾಂಕಿಗೆ ಎಣ್ಣೆಯ ಆವಿ ಅಳೆಯುವ ಸಾಮಾನ್ಯ ಎಲ್.ಇ.ಎಲ್. ಮೀಟರ್ ಇಳಿಸಿ "ಆವಿಯೇ ಇಲ್ಲ, 0 ತೋರಿಸ್ತಿದೆ" ಅಂದರಂತೆ. ಆ ಮೀಟರಿನ ಒಳಗೆ ಆವಿ ಉರಿದರೆ ತಾನೇ ಅಂಕಿ ಬರುವುದು? ಆಕ್ಸಿಜನ್ ಇಲ್ಲದ ಟ್ಯಾಂಕಿನಲ್ಲಿ ಅದರ ಅಂಕಿಗೆ ಅರ್ಥವಿಲ್ಲ.)

ಬಾಯ್ಲರ್

ಬಾಯ್ಲರ್ ಮೇಲೆ ಹೊರೆ ಕಡಿಮೆ ಇದ್ದಾಗ ಎಣ್ಣೆ ಕಡಿಮೆ ಉರಿಯುತ್ತದೆ, ಆದರೆ ಗಾಳಿ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಉರಿಯದೆ ಉಳಿದ ಗಾಳಿ ಹೊಗೆಯ ಜೊತೆ ಹೊರಡುತ್ತದೆ, ಆಕ್ಸಿಜನ್ ಏರುತ್ತದೆ. ಇಲ್ಲಿ ಸರಕು ಪಂಪ್ ನಿಲ್ಲಿಸಿದ್ದರಿಂದ ಉಗಿಯ ಖರ್ಚು ಇಲ್ಲವಾಗಿತ್ತು. ಹಾಗೇ ಅಳೆದಿದ್ದರೆ ಬಾಯ್ಲರ್ ಕೆಟ್ಟ ಅಂಕಿ ಕೊಟ್ಟು ಎಲ್ಲರ ದಾರಿ ತಪ್ಪಿಸುತ್ತಿತ್ತು. ಅದಕ್ಕೆ ಉಗಿಯನ್ನು ನೇರ ಕಂಡೆನ್ಸರ್‌ಗೆ ಬಿಟ್ಟು, ಮೊದಲಿನಷ್ಟೇ ಹೊರೆ ಹೊರಿಸಿ, ಬಾಯ್ಲರಿನ ಹೊಗೆ ದಾರಿಯಲ್ಲೇ ಅಳೆದರು. 4.0 ಬಂತು. ಸೊಗಸಾದ ಅಂಕಿ. ಆ ಬಾಯ್ಲರಿಗೆ ಮತ್ತೆ ಸ್ಪ್ಯಾನರ್ ಹಾಕುವ ಅಗತ್ಯವಿಲ್ಲ.

ಬಾಯ್ಲರಿನಲ್ಲಿ 4.0, ಬ್ಲೋವರ್ ದಾಟಿದ ಮೇಲೆ 7.1. ನಡುವೆ ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ. ಎಷ್ಟು ಸೇರುತ್ತಿದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿಬಿಡಬಹುದು:

```
(7.1 − 4.0) ÷ (20.9 − 4.0) = 3.1 ÷ 16.9 = 0.18
```

ಒಟ್ಟು ಗ್ಯಾಸ್‌ನಲ್ಲಿ 18 ಪ್ರತಿಶತ ಬರೀ ಗಾಳಿ. ಗಂಟೆಗೆ 10,000 ಘನ ಮೀಟರ್ ಹರಿವಿನಲ್ಲಿ 1,800 ಘನ ಮೀಟರ್. ಈ ಲೆಕ್ಕ ಮಾಡುವವರು ಕಡಿಮೆ. ನನಗೆ ಮಾತ್ರ ಇಡೀ ಹುಡುಕಾಟದಲ್ಲಿ ಇದೇ ಎಲ್ಲಕ್ಕಿಂತ ಉಪಯೋಗದ್ದು ಅನಿಸುತ್ತದೆ. ಯಾಕೆಂದರೆ ಎಷ್ಟು ದೊಡ್ಡ ತೂತು ಹುಡುಕಬೇಕು ಎಂದು ಇದು ಹೇಳುತ್ತದೆ. ಬ್ಲೋವರಿನ ಹಿಂದೆ 300 ಮಿಲಿಮೀಟರ್ ನೀರಿನಷ್ಟು ಸೆಳೆತ ಇದ್ದರೆ ಇಷ್ಟು ಗಾಳಿ ನುಗ್ಗಲು ನೂರು ಚದರ ಸೆಂಟಿಮೀಟರಿಗೂ ಮೇಲ್ಪಟ್ಟ ಬಾಯಿ ಬೇಕು. ಅಂಗೈ ಅಗಲ. ಅಂದಮೇಲೆ ಗೇಜಿನ ಸಣ್ಣ ಕಾಕ್, ಶಾಫ್ಟಿನ ಸೀಲ್ ಇವನ್ನೆಲ್ಲ ಬಿಗಿಯುತ್ತಾ ಕೂರುವುದು ದಂಡ.

ಸೆಳೆಯುವ ಕಡೆ ನೋಡಿ

ಬಾಯ್ಲರಿನಿಂದ ಬ್ಲೋವರ್‌ವರೆಗಿನ ದಾರಿಯೆಲ್ಲ ಸೆಳೆತದಲ್ಲಿರುತ್ತದೆ. ಹೊಗೆ ದಾರಿಯ ವಾಲ್ವ್, ಸಮುದ್ರದ ನೀರಿನಿಂದ ಹೊಗೆಯನ್ನು ತೊಳೆದು ತಣ್ಣಗೆ ಮಾಡುವ ಸ್ಕ್ರಬ್ಬರ್, ಅದರ ನಂತರದ ಪೈಪು, ಬ್ಲೋವರಿನ ಬಾಯಿ. ಎಳನೀರಿಗೆ ಹಾಕಿದ ಸ್ಟ್ರಾ ಸೀಳಿದ್ದರೆ ಒಂದು ಹನಿಯೂ ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ ಅಷ್ಟೇ. ಇಲ್ಲೂ ಹಾಗೇ. ಹೊಗೆಯ ವಾಸನೆ ಬರುವುದಿಲ್ಲ, ಸೋರಿದ ಗುರುತು ಇರುವುದಿಲ್ಲ. ಸೋಪಿನ ನೀರು ಹಚ್ಚಿದರೆ ಗುಳ್ಳೆಯೂ ಏಳುವುದಿಲ್ಲ, ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಸೋಪು ಹಿಡಿದು ಸೆಳೆತದ ಕಡೆ ಹುಡುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡು ಬ್ಲೋವರ್ ಇರುವ ಹಡಗಿನಲ್ಲಿ ಸುಲಭದ ದಾರಿ ಒಂದಿದೆ. ಒಂದನೆಯದನ್ನು ನಿಲ್ಲಿಸಿ, ಅದರ ಹಿಂದಿನ ಮುಂದಿನ ಎರಡೂ ವಾಲ್ವ್ ಮುಚ್ಚಿ, ಎರಡನೆಯದನ್ನು ನಡೆಸಿ. ಅವರು ಹಾಗೇ ಮಾಡಿದರು. ಅನಲೈಜರ್ ನಿಧಾನವಾಗಿ ಇಳಿದು 4.4ರಲ್ಲಿ ನಿಂತಿತು. ಮತ್ತೆ ಅದೇ ಲೆಕ್ಕ: 0.4 ಭಾಗಿಸು 16.9, ಎರಡೂವರೆ ಪ್ರತಿಶತಕ್ಕಿಂತ ಕಡಿಮೆ ಗಾಳಿ. ಒಂದಿಷ್ಟು ವರ್ಷ ಓಡಿದ ಘಟಕದಲ್ಲಿ ಇಷ್ಟು ಇದ್ದದ್ದೇ. ಅಂದರೆ ಬಾಯ್ಲರಿನ ವಾಲ್ವ್, ಸ್ಕ್ರಬ್ಬರ್, ಎರಡಕ್ಕೂ ಸೇರಿದ ಪೈಪು ಎಲ್ಲ ಒಂದೇ ಏಟಿಗೆ ಪಟ್ಟಿಯಿಂದ ಹೊರಬಿದ್ದವು. ಉಳಿದದ್ದು ಒಂದನೇ ಬ್ಲೋವರಿನ ಒಳಬರುವ ವಾಲ್ವ್‌ನಿಂದ ಬ್ಲೋವರ್ ಬಾಯಿಯವರೆಗಿನ ಒಂದೆರಡು ಮೀಟರ್.

ಆ ಒಂದೆರಡು ಮೀಟರಿನಲ್ಲಿ ಇರುವುದು ಮೂರೇ ವಸ್ತು. ಟ್ಯಾಂಕಿಗೆ ಶುದ್ಧ ಗಾಳಿ ಬಿಡುವಾಗ ಬಳಸುವ ಹೊರಗಾಳಿಯ ಬಾಯಿ, ಅದರ ಮುಚ್ಚುವ ಪ್ಲೇಟು. ಬ್ಲೋವರ್ ಹೊಟ್ಟೆಯ ಡ್ರೇನ್. ಪೈಪಿಗೂ ಬ್ಲೋವರಿಗೂ ನಡುವಿನ ರಬ್ಬರ್ ಬೆಲ್ಲೋಸ್. ಪ್ಲೇಟು ಸರಿಯಾಗಿ ಕೂತಿತ್ತು, ಬೋಲ್ಟುಗಳೆಲ್ಲ ಬಿಗಿ. ಡ್ರೇನ್ ತೆರೆದಿದ್ದರೂ ಅದರ ಬಾಯಿಯಿಂದ 1,800 ಘನ ಮೀಟರ್ ನುಗ್ಗಲಾರದು. ಬೆಲ್ಲೋಸ್‌ಗೆ ಟಾರ್ಚ್ ಬಿಟ್ಟು ನೋಡಿದರು, ಮೇಲ್ಭಾಗ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ಕೆಳಭಾಗ ನೆಲದ ಪ್ಲೇಟಿಗೆ ಹತ್ತಿರ, ತಲೆ ಹಾಕಲು ಜಾಗವಿಲ್ಲ. ಕೈ ಹಾಕಿ ಸವರಿದರೂ ಏನೂ ಸಿಗಲಿಲ್ಲ.

ಆಗ ಅವನಿಗೆ ಹೊಳೆದದ್ದು, ಬ್ಲೋವರ್ ನಿಂತಿದೆ ಎನ್ನುವುದು. ನಿಂತಾಗ ಸೆಳೆತವಿಲ್ಲ. ಗ್ಯಾಸನ್ನು ಹೊರಗೇ ಬಿಡುತ್ತಾ ಒಂದನೇ ಬ್ಲೋವರನ್ನು ಮತ್ತೆ ಹಚ್ಚಿದರು. ಉದ್ದ ಕಡ್ಡಿಯ ತುದಿಗೆ ಟಿಶ್ಯೂ ಪೇಪರಿನ ಪಟ್ಟಿ ಕಟ್ಟಿ, ಶಾಫ್ಟಿನಿಂದ ದೂರ ನಿಂತು, ಬೆಲ್ಲೋಸ್‌ನ ಸುತ್ತ ನಿಧಾನವಾಗಿ ಆಡಿಸಿದ. ಮೇಲೆ ಏನೂ ಇಲ್ಲ. ಬದಿಯಲ್ಲಿ ಏನೂ ಇಲ್ಲ. ಕೆಳಗೆ ಫ್ಲ್ಯಾಂಜಿನ ಅಂಚಿಗೆ ಬರುತ್ತಿದ್ದಂತೆ ಪಟ್ಟಿ ಫಕ್ಕನೆ ಒಳಗೆ ಹೋಯಿತು, ಕಡ್ಡಿಯ ತುದಿಯಲ್ಲಿ ಗಂಟು ಮಾತ್ರ ಉಳಿಯಿತು.

ಫ್ಲ್ಯಾಂಜಿನ ಉದ್ದಕ್ಕೂ, ಕೆಳಗಿನ ಮೂರನೇ ಒಂದು ಭಾಗದಷ್ಟು ರಬ್ಬರ್ ಸೀಳಿತ್ತು. ಬ್ಲೋವರ್ ನಿಂತಾಗ ಸೀಳಿನ ಎರಡು ತುಟಿ ಸೇರಿ ಮುಚ್ಚಿಕೊಳ್ಳುತ್ತಿದ್ದವು. ನಡೆಯುವಾಗ ಸೆಳೆತಕ್ಕೆ ಒಳಗಿನ ತುಟಿ ಮಡಚಿ ಹೆಬ್ಬೆರಳು ತೂರುವಷ್ಟು ಬಾಯಿ ಬಿಡುತ್ತಿತ್ತು. ಪಂಪ್‌ಗಳು ನಿಧಾನವಾಗಿದ್ದಾಗ ಆಕ್ಸಿಜನ್ 4.6ರಲ್ಲೇ ಇದ್ದು, ಪೂರ್ತಿ ವೇಗಕ್ಕೆ ಬಂದ ಮೇಲೆ ಏರಿದ್ದು ಯಾಕೆ ಎನ್ನುವುದಕ್ಕೂ ಇದೇ ಉತ್ತರ. ಗ್ಯಾಸಿನ ಹರಿವು ಹೆಚ್ಚಿದಷ್ಟೂ ಸೆಳೆತ ಹೆಚ್ಚು, ಬಾಯಿಯೂ ಅಗಲ. ಬಾಯ್ಲರಿನ ದೋಷ ಸಾಮಾನ್ಯವಾಗಿ ಇದಕ್ಕೆ ಉಲ್ಟಾ: ಹೊರೆ ಹೆಚ್ಚಿದಂತೆ ಆಕ್ಸಿಜನ್ ಇಳಿಯಬೇಕು. ಈ ಒಂದು ಗುರುತನ್ನು ಮೊದಲೇ ಗಮನಿಸಿದ್ದರೆ ಅವರಿಗೆ ಅರ್ಧ ಕೆಲಸ ಉಳಿಯುತ್ತಿತ್ತು.

ಬ್ಲೋವರ್ ಬದಲಿಸಿದರೂ ಇಳಿಯದಿದ್ದರೆ

ಆಗ ತೂತು ಇನ್ನೂ ಹಿಂದೆ ಇದೆ. ಸ್ಕ್ರಬ್ಬರ್ ಬಾಗಿಲಿನ ಗ್ಯಾಸ್ಕೆಟ್ ನೋಡಿ, ಉಪ್ಪುನೀರು ಮತ್ತು ಗಂಧಕದ ಆಮ್ಲ ಸೇರಿ ತಿಂದ ಪೈಪುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಆದರೆ ನನ್ನ ಅನುಮಾನ ಮೊದಲು ಹೋಗುವುದು ನಿಂತಿರುವ ಬಾಯ್ಲರಿನ ಮೇಲೆ. ಎರಡನೇ ಬಾಯ್ಲರ್ ಉರಿಯದೆ ನಿಂತಿದ್ದರೆ ಅದರ ಒಳಗಿರುವುದು ಬರೀ ಗಾಳಿ. ಅದರ ಹೊಗೆ ದಾರಿಯ ವಾಲ್ವ್ ಮಸಿ ಕಟ್ಟಿ ಪೂರ್ತಿ ಕೂರದಿದ್ದರೆ ಬ್ಲೋವರ್ ಆ ಬಾಯ್ಲರಿನ ಕುಲುಮೆಯಿಂದಲೇ ಗಾಳಿ ಎಳೆಯುತ್ತದೆ. ಬೋರ್ಡಿನಲ್ಲಿ 'ಮುಚ್ಚಿದೆ' ದೀಪ ಹತ್ತಿರುತ್ತದೆ, ಯಾಕೆಂದರೆ ಸ್ವಿಚ್ ನೋಡುವುದು ಕಡ್ಡಿಯನ್ನು, ತಟ್ಟೆಯನ್ನಲ್ಲ. ವಾಲ್ವಿನ ಎರಡೂ ಕಡೆ ಪೋರ್ಟೆಬಲ್ ಮೀಟರಿನಿಂದ ಅಳೆದರೆ ಗೊತ್ತಾಗುತ್ತದೆ. ಹಾಗೇ ಆ ವಾಲ್ವ್ ಮುಚ್ಚಿದಾಗ ಮಸಿ, ಬಿಸಿ ತಾಗದಂತೆ ಬಿಡುವ ಸೀಲ್ ಗಾಳಿಯ ಸಣ್ಣ ವಾಲ್ವ್ ಕೂಡ ನೋಡಿ. ನಡೆಯುತ್ತಿರುವ ಬಾಯ್ಲರಿನಲ್ಲಿ ಅದು ಮುಚ್ಚಿರಬೇಕು. ಸೋರುತ್ತಿದ್ದರೆ ನಾವೇ ಗಾಳಿ ಬಡಿಸಿದಂತೆ.

ಸೆಳೆತದ ಜಾಗದಿಂದ ಸ್ಯಾಂಪಲ್ ತೆಗೆಯುವಾಗ ಮೀಟರಿನ ಟ್ಯೂಬ್ ಬಿಗಿಯಾಗಿ ಕೂರಲಿ, ಪಂಪಿನಿಂದ ಎಳೆಯಿರಿ. ಇಲ್ಲದಿದ್ದರೆ ಅಲ್ಲೂ ಹೊರಗಿನ ಗಾಳಿ ಸೇರಿ ಇಲ್ಲದ ತೂತು ಹುಡುಕಿಸುತ್ತದೆ.

ಸರಿ ಮಾಡಿದ್ದು

ಎರಡನೇ ಬ್ಲೋವರ್ ಒಂದರಿಂದಲೇ ಎಣ್ಣೆ ಇಳಿಸುವುದನ್ನು ಮುಂದುವರಿಸಿದರು, ಟ್ಯಾಂಕಿನ ಒತ್ತಡ ಬೀಳದ ಹಾಗೆ ಪಂಪ್ ವೇಗ ಇಳಿಸಿಕೊಂಡು. ಅದಕ್ಕೂ ಮೊದಲು ಪ್ರತಿ ಟ್ಯಾಂಕಿನಲ್ಲಿ ಮೇಲೆ, ನಡುವೆ, ಎಣ್ಣೆಯ ಹತ್ತಿರ, ಹೀಗೆ ಬೇರೆ ಬೇರೆ ಎತ್ತರದಲ್ಲಿ ಆಕ್ಸಿಜನ್ ಅಳೆದರು. ಎಲ್ಲೂ 6 ದಾಟಿರಲಿಲ್ಲ. ದಾಟಿ 8ರ ಹತ್ತಿರ ಹೋಗಿದ್ದರೆ ಒಳ್ಳೆಯ ಗ್ಯಾಸ್ ಬಿಟ್ಟು ಇಳಿಸಿಕೊಂಡ ಮೇಲೇ ಪಂಪ್ ಹಚ್ಚಬೇಕಿತ್ತು. ಡೆಕ್ ವಾಲ್ವ್ ತೆರೆದದ್ದು ಗ್ಯಾಸ್ 5ರ ಕೆಳಗೆ ಸ್ಥಿರವಾಗಿ ನಿಂತ ಮೇಲೆ.

ಒಂದನೇ ಬ್ಲೋವರಿನ ಬೆಲ್ಲೋಸ್ ಬಿಚ್ಚಿದ್ದು ಎಣ್ಣೆ ಪೂರ್ತಿ ಇಳಿಸಿ, ಘಟಕ ನಿಲ್ಲಿಸಿ, ಆ ಭಾಗಕ್ಕೆ ಗಾಳಿ ಬಿಟ್ಟು, ಆಕ್ಸಿಜನ್ ಅಳೆದ ನಂತರ. ಅವಸರದಲ್ಲಿ ಪೈಪಿನೊಳಗೆ ತಲೆ ಹಾಕಿದವನಿಗೆ ನಾಲ್ಕೈದು ಪ್ರತಿಶತ ಆಕ್ಸಿಜನ್ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸುತ್ತದೆ.

ಬಿಚ್ಚಿದಾಗ ಬೆಲ್ಲೋಸ್‌ನ ಕೆಳಗಿನ ಮಡಿಕೆಯಲ್ಲಿ ಒಂದು ಲೋಟದಷ್ಟು ಕರಿ ನೀರು, ತಳದಲ್ಲಿ ಮಸಿಯ ಕೆಸರು ಇತ್ತಂತೆ. ಲಿಟ್ಮಸ್ ಕಾಗದ ಅದ್ದಿದ ಕೂಡಲೇ ಕೆಂಪು. ಸ್ಕ್ರಬ್ಬರ್ ಹೊಗೆಯ ಗಂಧಕವನ್ನು ಬಹುಪಾಲು ತೊಳೆದರೂ ಒಂದಿಷ್ಟು ತೇವದ ಜೊತೆ ಮುಂದೆ ಬರುತ್ತದೆ. ಘಟಕ ನಿಲ್ಲಿಸಿದಾಗ ಆ ತೇವ ತಗ್ಗಿನಲ್ಲಿ ಇಳಿದು, ಮುಂದಿನ ಬಂದರು ಬರುವವರೆಗೆ ವಾರಗಟ್ಟಲೆ ಒಂದೇ ಕಡೆ ನಿಂತು, ರಬ್ಬರಿನ ಒಳಗಿನ ಬಟ್ಟೆಯ ಪದರವನ್ನು ತಿಂದಿತ್ತು. ಪ್ರತಿ ಸಲ ಕೆಲಸ ಮುಗಿದ ಮೇಲೆ ಬ್ಲೋವರನ್ನು ಸಿಹಿನೀರಿನಿಂದ ತೊಳೆಯುತ್ತಿದ್ದರು. ಆದರೆ ತೊಳೆದ ನೀರು ಬ್ಲೋವರ್ ಹೊಟ್ಟೆಯ ಡ್ರೇನ್‌ನಿಂದ ಹೋಗುತ್ತಿತ್ತೇ ಹೊರತು ಬೆಲ್ಲೋಸ್‌ನ ಮಡಿಕೆಯಿಂದ ಹೋಗಲು ದಾರಿಯೇ ಇರಲಿಲ್ಲ.

ಹೊಸ ಬೆಲ್ಲೋಸ್ ಹಾಕಿದರು. ಈಗ ತೊಳೆದ ಮೇಲೆ ಸ್ಕ್ರಬ್ಬರಿಗೆ ಹೋಗುವ ದಾರಿ ಮುಚ್ಚಿ, ಹೊರಗಾಳಿಯ ಬಾಯಿ ತೆರೆದು, ಬ್ಲೋವರನ್ನು ಬರೀ ಗಾಳಿಯಲ್ಲಿ ಓಡಿಸಿ ಒಣಗಿಸುತ್ತಾರೆ. ಆ ಗಾಳಿಯನ್ನು ಹೊರಗೇ ಬಿಡುತ್ತಾರೆ. ಒಣಗಿದ ಮೇಲೆ ಪ್ಲೇಟನ್ನು ವಾಪಸ್ ಹಾಕಿದ್ದನ್ನು ಇಬ್ಬರು ನೋಡಿ ಲಾಗ್‌ನಲ್ಲಿ ಸಹಿ ಮಾಡುತ್ತಾರೆ. ಆ ಪ್ಲೇಟು ಮರೆತರೆ ಮುಂದಿನ ಬಂದರಿನಲ್ಲಿ ಅಂಗೈ ಅಗಲದ ತೂತಲ್ಲ, ಬಾಗಿಲೇ ತೆರೆದಿಟ್ಟ ಹಾಗೆ. ಮುಂದಿನ ಸಲ ಪಂಪ್ ಪೂರ್ತಿ ವೇಗದಲ್ಲಿದ್ದಾಗ, ಒಂದನೇ ಬ್ಲೋವರಿನಲ್ಲಿ ಬಂದ ಅಂಕಿ 4.3. ನೋಟ್‌ಬುಕ್‌ನಲ್ಲಿ ಅದರ ಪಕ್ಕಕ್ಕೇ ಬಾಯ್ಲರಿನ 4.0 ಕೂಡ ಬರೆದುಕೊಂಡಿದ್ದಾನೆ. ಈಗ ಪ್ರತಿ ಬಂದರಿನಲ್ಲೂ ಎರಡನ್ನೂ ಜೊತೆಯಾಗಿ ಬರೆಯುತ್ತಾನೆ, ನಡುವಿನ ವ್ಯತ್ಯಾಸ 1ಕ್ಕೆ ಬಂದರೆ ಅಲಾರ್ಮ್‌ಗೆ ಕಾಯದೆ ಹುಡುಕಲು ಹೊರಡುತ್ತಾನೆ.